ಇಂಡೆಕ್ಸ್ ಫಂಡಿಗೆ ಜೊತೆ ಯಾವುದು? ಮಿಡ್‌ಕ್ಯಾಪ್, ಬಂಗಾರ, ಠೇವಣಿಗಳ ಹೋಲಿಕೆ

ಶಿರಸಿ ಸೀಮೆಯ ತೋಟಿಗರೊಬ್ಬರು ಚಾಲಿ ಅಡಿಕೆ ಮಾರಿದ ದುಡ್ಡಿನಲ್ಲಿ ಹತ್ತು ಲಕ್ಷ ರೂಪಾಯಿಯನ್ನು ದೊಡ್ಡ ಕಂಪನಿಗಳ ಷೇರು ಕೊಳ್ಳುವ ನಿಫ್ಟಿ ಇಂಡೆಕ್ಸ್ ಫಂಡಿನಲ್ಲಿ ಇಟ್ಟಿದ್ದಾರೆ ಎಂದುಕೊಳ್ಳೋಣ. ಇನ್ನೂ ಹತ್ತು ಲಕ್ಷ ಕೈಯಲ್ಲಿದೆ. ಬೆಂಗಳೂರಿನಲ್ಲಿರುವ ಮಗ ಮಿಡ್‌ಕ್ಯಾಪ್ ಫಂಡ್ ತೆಗೆದುಕೊಳ್ಳಿ ಅನ್ನುತ್ತಾನೆ, ಏಕೆಂದರೆ ಅದರ ಲಾಭ ಹೆಚ್ಚು. ಮನೆಯವರು ಬಂಗಾರ ಅನ್ನುತ್ತಾರೆ. ಅಣ್ಣ ಠೇವಣಿ ಇಟ್ಟು ನೆಮ್ಮದಿಯಾಗಿರು ಅನ್ನುತ್ತಾನೆ. ಮೂವರೂ ತಮ್ಮ ತಮ್ಮ ಆಯ್ಕೆಯ ಗುಣದೋಷಗಳನ್ನು ಸರಿಯಾಗಿಯೇ ಹೇಳುತ್ತಾರೆ. ಆದರೆ ಆಗಲೇ ಇರುವ ಹತ್ತು ಲಕ್ಷದ ಜೊತೆ ಹೊಸ ಹತ್ತು ಲಕ್ಷ ಹೇಗೆ ಹೊಂದಿಕೊಳ್ಳುತ್ತದೆ ಎಂಬುದನ್ನು ಯಾರೂ ಕೇಳುವುದಿಲ್ಲ. ಆಯ್ಕೆ ನಿಂತಿರುವುದು ಅದರ ಮೇಲೆ.

ಈ ಲೆಕ್ಕವನ್ನು ಮೊದಲು ಕ್ರಮವಾಗಿ ಬರೆದಿಟ್ಟವರು ಹ್ಯಾರಿ ಮಾರ್ಕೊವಿಟ್ಜ್, 1952ರಲ್ಲಿ. 1990ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಎರಡೇ ಹೂಡಿಕೆಗಳ ಮಟ್ಟಿಗೆ ಅವರ ಲೆಕ್ಕ ಎಸ್ಸೆಸ್ಸೆಲ್ಸಿ ಗಣಿತವನ್ನು ದಾಟುವುದಿಲ್ಲ.

ಲಾಭ ಸರಾಸರಿಯಾಗುತ್ತದೆ, ಅಪಾಯ ಹಾಗಲ್ಲ

ಐದು ವರ್ಷಗಳ ಒಂದು ಕಲ್ಪಿತ ಲೆಕ್ಕ ನೋಡೋಣ. ಅಂಕಿಗಳು ನಾನು ಹಾಕಿಕೊಂಡವು. ಕೂಡಿ ಕಳೆಯಲು ಸುಲಭವಾಗಲಿ ಎಂದು ಗುಂಡಾಗಿ ಇಟ್ಟಿದ್ದೇನೆ.

| ವರ್ಷ | ಇಂಡೆಕ್ಸ್ ಫಂಡ್ (ಶೇ.) | ಬಂಗಾರ (ಶೇ.) | ಅರ್ಧ-ಅರ್ಧ (ಶೇ.) |
|---|---|---|---|
| 1 | 12 | 9 | 10.5 |
| 2 | 32 | 24 | 28 |
| 3 | −8 | 24 | 8 |
| 4 | 32 | −6 | 13 |
| 5 | −8 | −6 | −7 |

ಇಂಡೆಕ್ಸ್ ಫಂಡಿನ ಸರಾಸರಿ ಶೇ. 12, ಬಂಗಾರದ್ದು ಶೇ. 9. ಅರ್ಧ-ಅರ್ಧ ಹಾಕಿದರೆ ಶೇ. 10.5, ಅಂದರೆ ಎರಡರ ನಟ್ಟನಡುವೆ. ಇದರಲ್ಲಿ ಹೊಸದೇನಿಲ್ಲ.

ಇನ್ನು ಅಪಾಯ. ಪ್ರತಿ ವರ್ಷದ ಲಾಭ ಸರಾಸರಿಯಿಂದ ಎಷ್ಟು ದೂರ ಸರಿಯಿತು ಎಂಬುದನ್ನು ಅಳೆಯುವ ಸಂಖ್ಯೆಯೇ ಮಾನಕ ವಿಚಲನೆ. ಇಂಡೆಕ್ಸ್ ಫಂಡಿನಲ್ಲಿ ಆ ದೂರಗಳು 0, 20, −20, 20, −20. ಅವುಗಳ ವರ್ಗ ಮಾಡಿ ಕೂಡಿಸಿದರೆ 1600. ವರ್ಷಗಳ ಸಂಖ್ಯೆಯಲ್ಲಿ ಒಂದು ಕಳೆದು, ಅಂದರೆ ನಾಲ್ಕರಿಂದ ಭಾಗಿಸಿದರೆ 400. ಅದರ ವರ್ಗಮೂಲ 20. ಇದೇ ರೀತಿ ಬಂಗಾರದ ಮಾನಕ ವಿಚಲನೆ 15 ಬರುತ್ತದೆ. ಅರ್ಧ-ಅರ್ಧದ್ದು ಸರಾಸರಿಯಂತೆ 17.5 ಆಗಬೇಕಿತ್ತು ಎಂದು ಯಾರಿಗಾದರೂ ತೋರುತ್ತದೆ. ಕೊನೆಯ ಕಂಬಸಾಲನ್ನು ತೆಗೆದುಕೊಂಡು ನೀವೇ ಲೆಕ್ಕ ಹಾಕಿ ನೋಡಿ: ದೂರಗಳು 0, 17.5, −2.5, 2.5, −17.5, ವರ್ಗಗಳ ಮೊತ್ತ 625, ನಾಲ್ಕರಿಂದ ಭಾಗಿಸಿದರೆ 156.25, ವರ್ಗಮೂಲ 12.5.

ಇಪ್ಪತ್ತರ ಅಪಾಯದ್ದನ್ನೂ ಹದಿನೈದರ ಅಪಾಯದ್ದನ್ನೂ ಬೆರೆಸಿದರೆ ಎರಡಕ್ಕಿಂತಲೂ ಕಡಿಮೆ ಅಪಾಯದ ಮಿಶ್ರಣ ಸಿಕ್ಕಿತು. ಕಾರಣ ಮೂರನೆಯ ಮತ್ತು ನಾಲ್ಕನೆಯ ವರ್ಷಗಳಲ್ಲಿದೆ. ಒಂದು ಬಿದ್ದಾಗ ಇನ್ನೊಂದು ಎದ್ದಿತ್ತು. ಎರಡನೆಯ ಮತ್ತು ಐದನೆಯ ವರ್ಷಗಳಲ್ಲಿ ಎರಡೂ ಒಟ್ಟಿಗೆ ಏರಿ ಒಟ್ಟಿಗೆ ಇಳಿದವು, ಆಗ ಮಿಶ್ರಣದಿಂದ ಉಪಕಾರವೇನೂ ಆಗಲಿಲ್ಲ.

ಎರಡು ಹೂಡಿಕೆಗಳು ಒಟ್ಟಿಗೆ ನಡೆಯುವ ಪ್ರಮಾಣವನ್ನು ಸಹಸಂಬಂಧ ಎನ್ನುತ್ತಾರೆ. ಅದು −1 ರಿಂದ +1ರ ಒಳಗೆ ಇರುತ್ತದೆ. ಒಂದೇ ತಾಳಕ್ಕೆ ಏರಿಳಿದರೆ +1, ಪೂರ್ತಿ ವಿರುದ್ಧವಾದರೆ −1, ಒಂದರ ನಡೆಯಿಂದ ಇನ್ನೊಂದರದ್ದು ಊಹಿಸಲಾಗದಿದ್ದರೆ ಸೊನ್ನೆಯ ಹತ್ತಿರ. ಮೇಲಿನ ಪಟ್ಟಿಯಲ್ಲಿ ಅದು ಸರಿಯಾಗಿ ಸೊನ್ನೆ. ಇಡೀ ಸೂತ್ರ ಇಷ್ಟೇ:

```
σp² = w1²·σ1² + w2²·σ2² + 2·w1·w2·ρ·σ1·σ2
```

ಇಲ್ಲಿ w ಎಂದರೆ ಪಾಲು, σ ಎಂದರೆ ಮಾನಕ ವಿಚಲನೆ, ρ ಎಂದರೆ ಸಹಸಂಬಂಧ. ಕೊನೆಯ ಪದವೊಂದೇ ಎರಡೂ ಹೂಡಿಕೆಗಳನ್ನು ಒಂದಕ್ಕೊಂದು ಜೋಡಿಸುತ್ತದೆ. ρ ಸೊನ್ನೆಯಾದರೆ ಆ ಪದ ಮಾಯವಾಗುತ್ತದೆ. 1 ಆದರೆ ಅಪಾಯವೂ ಲಾಭದಂತೆ ಬರೀ ಸರಾಸರಿಯಾಗುತ್ತದೆ, ಅಂದರೆ 17.5. 0.5 ಆದರೆ 15.2. −1 ಆದರೆ 2.5ಕ್ಕೆ ಇಳಿಯುತ್ತದೆ, ಆದರೆ ಅಂಥ ಜೋಡಿ ಪಾಠದ ಪುಸ್ತಕದ ಹೊರಗೆ ಸಿಗುವುದಿಲ್ಲ ಎಂದೇ ಇಟ್ಟುಕೊಳ್ಳಿ.

ತೋಟಿಗರಿಗೆ ಈ ವಿಚಾರ ಗೊತ್ತಿರದ್ದಲ್ಲ. ಅಡಿಕೆ ಮರಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿಸಿದರೆ ಎರಡು ಬೆಳೆಯಾಯಿತು, ಒಂದು ಕೈಕೊಟ್ಟರೆ ಇನ್ನೊಂದು ಕಾಯುತ್ತದೆ ಅನ್ನುತ್ತೇವೆ. ಆದರೆ ಮಳೆ ಬಿಡುವು ಕೊಡದ ವರ್ಷ ಅಡಿಕೆಗೆ ಕೊಳೆರೋಗ ಬಂದರೆ ಬಳ್ಳಿಗೆ ಸೊರಗು ರೋಗ. ಎರಡಕ್ಕೂ ಫೈಟಾಫ್ಥೊರಾ ಕುಲದ ರೋಗಾಣುಗಳೇ ಕಾರಣ, ಎರಡಕ್ಕೂ ಬೇಕಾದ್ದು ಅದೇ ತೇವ. ದರದ ಮಾತು ಬೇರೆ: ಮೆಣಸಿನ ದರಕ್ಕೆ ವಿಯೆಟ್ನಾಮಿನ ಬೆಳೆ ಮುಖ್ಯ, ಅಡಿಕೆಯ ದರಕ್ಕೆ ಉತ್ತರ ಭಾರತದ ಬೇಡಿಕೆ. ಹಾಗಾಗಿ ಇಳುವರಿಯಲ್ಲಿ ಎರಡೂ ಜೊತೆಗೆ ನಡೆಯುತ್ತವೆ, ದರದಲ್ಲಿ ಅಷ್ಟಾಗಿ ಇಲ್ಲ. ಹೂಡಿಕೆಯಲ್ಲೂ ಹೀಗೆಯೇ: ಎರಡು ಹೆಸರುಗಳಿದ್ದ ಮಾತ್ರಕ್ಕೆ ಸಾಲದು, ಅವುಗಳನ್ನು ಬೀಳಿಸುವ ಕಾರಣಗಳೂ ಎರಡಿರಬೇಕು.

ಮಗನ ಮಿಡ್‌ಕ್ಯಾಪ್

ಮಿಡ್‌ಕ್ಯಾಪ್ ಫಂಡಿನ ಸರಾಸರಿ ಲಾಭ ಶೇ. 14, ಮಾನಕ ವಿಚಲನೆ 25, ಇಂಡೆಕ್ಸ್ ಫಂಡಿನೊಂದಿಗೆ ಸಹಸಂಬಂಧ 0.9 ಎಂದು ಇಟ್ಟುಕೊಳ್ಳುತ್ತೇನೆ. ಒಂದೇ ಮಾರುಕಟ್ಟೆಯ ದೊಡ್ಡ ಕಂಪನಿಗಳು ಮತ್ತು ಮಧ್ಯಮ ಕಂಪನಿಗಳು ಇಷ್ಟು ಹತ್ತಿರದಲ್ಲಿ ನಡೆಯುವುದು ಸಹಜ. ಬಡ್ಡಿದರ, ವಿದೇಶಿ ಹೂಡಿಕೆದಾರರ ಹಣ, ತೈಲದ ಬೆಲೆ, ಇವೆಲ್ಲ ಎರಡನ್ನೂ ಒಟ್ಟಿಗೆ ಎಳೆಯುತ್ತವೆ.

ಅರ್ಧ-ಅರ್ಧ ಹಾಕಿದರೆ ಲಾಭ ಶೇ. 13. ಅಪಾಯ? 100, 156.25 ಮತ್ತು 225 ಕೂಡಿಸಿ 481.25, ವರ್ಗಮೂಲ 21.9. ಬರೀ ಸರಾಸರಿಯಾಗಿದ್ದರೆ 22.5 ಇರುತ್ತಿತ್ತು. ಎರಡು ಫಂಡ್ ಮಾಡಿದ್ದಕ್ಕೆ ಸಿಕ್ಕ ರಿಯಾಯಿತಿ ಅರ್ಧ ಅಂಶಕ್ಕಿಂತ ತುಸು ಹೆಚ್ಚು, ಅಷ್ಟೇ. ಇಂಡೆಕ್ಸ್ ಫಂಡ್ ಒಂದರಲ್ಲೇ ಇದ್ದ 20ಕ್ಕಿಂತ ಒಟ್ಟು ಅಪಾಯ ಏರಿದೆ.

ಅರ್ಧದಷ್ಟು ಹಾಕಿದ್ದು ಜಾಸ್ತಿಯಾಯಿತು, ಸ್ವಲ್ಪ ಹಾಕಿದರೆ ಅಪಾಯ ಇಳಿಯಬಹುದೇ? ಇದಕ್ಕೊಂದು ಚಿಕ್ಕ ಪರೀಕ್ಷೆ ಇದೆ, ಇಡೀ ವಿಷಯದಲ್ಲಿ ನನಗೆ ಅತಿ ಉಪಯುಕ್ತವೆನಿಸಿದ್ದು ಇದೇ. ಈಗಿರುವ ಹೂಡಿಕೆಯ ಮಾನಕ ವಿಚಲನೆಯನ್ನು ಹೊಸದರ ಮಾನಕ ವಿಚಲನೆಯಿಂದ ಭಾಗಿಸಿ. ಸಹಸಂಬಂಧ ಆ ಸಂಖ್ಯೆಗಿಂತ ಕಡಿಮೆಯಿದ್ದರೆ ಮಾತ್ರ, ಹೊಸದನ್ನು ಸ್ವಲ್ಪ ಸೇರಿಸಿದಾಗ ಒಟ್ಟು ಅಪಾಯ ಇಳಿಯುತ್ತದೆ. ಇಲ್ಲಿ 20 ಭಾಗ 25 ಎಂದರೆ 0.8. ಸಹಸಂಬಂಧ 0.9. ಪರೀಕ್ಷೆಯಲ್ಲಿ ಫೇಲು. ನೂರು ರೂಪಾಯಿಯಲ್ಲಿ ಐದನ್ನು ಮಿಡ್‌ಕ್ಯಾಪಿಗೆ ಸರಿಸಿದರೂ ಅಪಾಯ ಏರುತ್ತದೆ.

ಹೆಚ್ಚು ಲಾಭಕ್ಕಾಗಿ ಹೆಚ್ಚು ಅಪಾಯ ಹೊರುವುದು ತಪ್ಪೇನಲ್ಲ. ವಯಸ್ಸು ಚಿಕ್ಕದಾಗಿದ್ದು ಹದಿನೈದು ವರ್ಷ ದುಡ್ಡು ಮುಟ್ಟುವ ಅಗತ್ಯವಿಲ್ಲದ ಮಗ ತನ್ನ ಸಂಬಳದಲ್ಲಿ ಅದನ್ನು ಮಾಡಲಿ. ಎರಡು ಫಂಡಿನಲ್ಲಿ ಹಂಚಿದ್ದೇವೆ, ಹಾಗಾಗಿ ಸುರಕ್ಷಿತ ಎಂದು ಮಾತ್ರ ಅಪ್ಪನಿಗೆ ಹೇಳದಿರಲಿ.

ಬಂಗಾರ ಮತ್ತು ಠೇವಣಿ: ಇಲ್ಲಿದೆ ನಿಜವಾದ ಪೈಪೋಟಿ

ಇಲ್ಲಿ ಬಂಗಾರ ಎಂದರೆ ಇಟಿಎಫ್ ಅಥವಾ ಗೋಲ್ಡ್ ಫಂಡ್. ಮದುವೆಗೆ ಮಾಡಿಸಿದ ಸರ, ಬಳೆಗಳಲ್ಲಿ ಮಜೂರಿ ಕೊಟ್ಟಾಗಿರುತ್ತದೆ, ಮಾರಲು ಮನಸ್ಸೂ ಬರುವುದಿಲ್ಲ. ಅವು ಈ ಲೆಕ್ಕದ ಹೊರಗೆ.

ಇಂಡೆಕ್ಸ್ ಫಂಡ್ ಮತ್ತು ಬಂಗಾರದ ಅರ್ಧ-ಅರ್ಧ ಆಗಲೇ ನೋಡಿದೆವು: ಲಾಭ 10.5, ಅಪಾಯ 12.5. ಭಾರತದ ಹೂಡಿಕೆದಾರರಿಗೆ ಈ ಜೋಡಿ ಹೊಂದುವುದಕ್ಕೆ ಒಂದು ಗಟ್ಟಿ ಕಾರಣವಿದೆ. ಇಲ್ಲಿಯ ಷೇರು ಕುಸಿಯುವಾಗ ವಿದೇಶಿ ಹಣ ಹೊರಗೆ ಹೋಗುತ್ತದೆ, ರೂಪಾಯಿ ದುರ್ಬಲವಾಗುತ್ತದೆ. ಬಂಗಾರದ ಬೆಲೆ ಡಾಲರಿನಲ್ಲಿ ನಿರ್ಧಾರವಾಗುವುದರಿಂದ ರೂಪಾಯಿ ಇಳಿದಷ್ಟೂ ನಮ್ಮ ಕೈಯಲ್ಲಿರುವ ಬಂಗಾರಕ್ಕೆ ಬೆಲೆ ಏರುತ್ತದೆ. 2008ರಲ್ಲಿ ನಿಫ್ಟಿ ಅರ್ಧಕ್ಕಿಂತ ಹೆಚ್ಚು ಕುಸಿಯಿತು, ಅದೇ ವರ್ಷ ರೂಪಾಯಿ ಲೆಕ್ಕದಲ್ಲಿ ಬಂಗಾರ ಏರಿತ್ತು.

ಹಾಗೆಂದು ಪ್ರತಿ ಸಲವೂ ಇದು ನಡೆಯುತ್ತದೆ ಎಂಬ ಭರವಸೆಯಿಲ್ಲ. 2020ರ ಮಾರ್ಚ್ ನಡುವಿನಲ್ಲಿ ಕೋವಿಡ್ ಭಯಕ್ಕೆ ಜಗತ್ತಿನಾದ್ಯಂತ ನಗದಿಗಾಗಿ ನೂಕುನುಗ್ಗಲಾದಾಗ, ಷೇರಿನ ಜೊತೆ ಬಂಗಾರವೂ ಕೆಲವು ದಿನ ಇಳಿಯಿತು. ಆಮೇಲೆ ಮೇಲೆದ್ದಿತು, ನಿಜ. ಆದರೆ ಆ ವಾರವೇ ಆಸ್ಪತ್ರೆಗೆ ಹಣ ಬೇಕಾದವರಿಗೆ ಆಮೇಲಿನ ಮಾತಿನಿಂದ ಏನೂ ಪ್ರಯೋಜನವಿರಲಿಲ್ಲ.

ಠೇವಣಿಯ ಲೆಕ್ಕ ಸರಳ. ಶೇ. 7 ಬಡ್ಡಿ, ಮಾನಕ ವಿಚಲನೆ ಸೊನ್ನೆ ಎಂದುಕೊಳ್ಳಿ. ಅರ್ಧ-ಅರ್ಧ ಹಾಕಿದರೆ ಲಾಭ 9.5, ಅಪಾಯ 10. ಇಲ್ಲಿ ಸಹಸಂಬಂಧದ ಪ್ರಶ್ನೆಯೇ ಏಳುವುದಿಲ್ಲ. ಷೇರಿನ ಪಾಲು ಎಷ್ಟೋ ಅಪಾಯವೂ ಅಷ್ಟೇ ಪಾಲು.

ಲಾಭ 10.5ಕ್ಕೆ ಅಪಾಯ 12.5, ಲಾಭ 9.5ಕ್ಕೆ ಅಪಾಯ 10. ಇವುಗಳಲ್ಲಿ ಯಾವುದು ಮೇಲು ಎಂದು ನೇರವಾಗಿ ಹೇಳಲು ಬರುವುದಿಲ್ಲ, ಏಕೆಂದರೆ ಒಂದರಲ್ಲಿ ಲಾಭ ಹೆಚ್ಚು, ಇನ್ನೊಂದರಲ್ಲಿ ಅಪಾಯ ಕಡಿಮೆ. ಹೋಲಿಸಬೇಕಾದರೆ ಒಂದನ್ನು ಸಮ ಮಾಡಿಕೊಳ್ಳಬೇಕು. ಲಾಭವನ್ನು 10.5ಕ್ಕೆ ಸಮ ಮಾಡೋಣ. ಠೇವಣಿಯ ಜೊತೆ ಅಷ್ಟು ಲಾಭ ಬರಬೇಕಾದರೆ ಷೇರಿನ ಪಾಲು ಶೇ. 70 ಇರಬೇಕು, ಆಗ ಅಪಾಯ 14. ಬಂಗಾರದ ಜೋಡಿಯಲ್ಲಿ ಅದೇ ಲಾಭಕ್ಕೆ 12.5. ಬಂಗಾರ ಗೆದ್ದಿತು.

ಗೆದ್ದದ್ದು ಸಹಸಂಬಂಧ ಸೊನ್ನೆ ಎಂದುಕೊಂಡಿದ್ದರಿಂದ. ಅದನ್ನು 0.3 ಎಂದು ಬದಲಿಸಿದರೆ ಬಂಗಾರದ ಜೋಡಿಯ ಅಪಾಯ 14.2ಕ್ಕೆ ಏರುತ್ತದೆ, ಠೇವಣಿ ಮುಂದೆ ಬರುತ್ತದೆ. ತಕ್ಕಡಿ ತಿರುಗುವ ಜಾಗ 0.26ರ ಸುಮಾರು. ಮಾರಾಟಕ್ಕೆ ಬರುವವರ ಮಾತಿನಲ್ಲಿ ಬಂಗಾರ ಎಷ್ಟು ಏರಿತು ಎಂಬುದು ಮಾತ್ರ ಇರುತ್ತದೆ. ಈ ಜೋಡಿಯ ಭವಿಷ್ಯ ನಿಂತಿರುವುದು ಅವರು ಹೇಳದೇ ಬಿಡುವ ಈ ಒಂದು ಸಂಖ್ಯೆಯ ಮೇಲೆ.

ಇಪ್ಪತ್ತು ಲಕ್ಷಕ್ಕೆ ಇದು ರೂಪಾಯಿಯಲ್ಲಿ ಹೇಗೆ ಕಾಣುತ್ತದೆ? ಸರಾಸರಿಯಿಂದ ಎರಡು ಮಾನಕ ವಿಚಲನೆ ಕೆಳಗೆ ಹೋದ ವರ್ಷವನ್ನು ಕೆಟ್ಟ ವರ್ಷ ಎನ್ನೋಣ. ಮಿಡ್‌ಕ್ಯಾಪ್ ಜೋಡಿಯಲ್ಲಿ ಅಂಥ ವರ್ಷ ಸುಮಾರು 6.2 ಲಕ್ಷ ಕರಗುತ್ತದೆ. ಬಂಗಾರದ ಜೋಡಿಯಲ್ಲಿ 2.9 ಲಕ್ಷ, ಠೇವಣಿಯ ಜೋಡಿಯಲ್ಲಿ 2.1 ಲಕ್ಷ. ಮನೆಯಲ್ಲಿ ಕೂತು ಮಾತಾಡುವಾಗ ಶೇಕಡಾವಾರು ಬಿಟ್ಟು ಈ ಸಂಖ್ಯೆಗಳನ್ನೇ ಇಟ್ಟುಕೊಳ್ಳಿ. ಒಂದು ಎಚ್ಚರಿಕೆ: ಷೇರು ಪೇಟೆ ಮಾನಕ ವಿಚಲನೆ ಸೂಚಿಸುವುದಕ್ಕಿಂತ ಹೆಚ್ಚು ಸಲ ಹೀಗೆ ಕುಸಿಯುತ್ತದೆ. ನಮ್ಮ ಅಂಕಿಗಳ ಪ್ರಕಾರ 2008ರಂಥ ಕುಸಿತ ಮೂರು ವಿಚಲನೆಗಿಂತ ಆಚೆಗಿನದು, ಲೆಕ್ಕದಲ್ಲಿ ಶತಮಾನಗಳಿಗೊಮ್ಮೆ ಬರಬೇಕಾದದ್ದು. ವಾಸ್ತವದಲ್ಲಿ ಹಾಗಿಲ್ಲ.

ಬಂಗಾರ ಮಾತ್ರ ಇಟ್ಟುಕೊಂಡವರಿಗೆ

ಕಾರವಾರ, ಅಂಕೋಲಾ, ಕುಮಟಾ ಕಡೆಯಲ್ಲೂ ಘಟ್ಟದ ಮೇಲೂ ಉಳಿತಾಯವೆಲ್ಲ ಬಂಗಾರದಲ್ಲೇ ಇರುವ ಮನೆಗಳಿವೆ. ಷೇರು ಅಪಾಯ, ಅದರ ಸಹವಾಸ ಬೇಡ ಎಂಬುದು ಅವರ ವಾದ. ಮೇಲಿನ ಪರೀಕ್ಷೆಯನ್ನು ಇಲ್ಲಿ ತಿರುಗಿಸಿ ಹಾಕಿ. ಈಗಿರುವುದು 15, ಹೊಸದು 20, ಭಾಗಿಸಿದರೆ 0.75. ಸಹಸಂಬಂಧ ಅದಕ್ಕಿಂತ ಕಡಿಮೆಯಿರುವವರೆಗೂ, ಬಂಗಾರಕ್ಕಿಂತ ಅಪಾಯಕಾರಿಯಾದ ಷೇರನ್ನು ಸೇರಿಸಿದರೆ ಒಟ್ಟು ಅಪಾಯ ಇಳಿಯುತ್ತದೆ.

ಸಹಸಂಬಂಧ ಸೊನ್ನೆಯಾದಾಗ ಅತಿ ಕಡಿಮೆ ಅಪಾಯದ ಪಾಲು ಹೀಗೆ ಸಿಗುತ್ತದೆ: ಬಂಗಾರದ ವಿಚಲನೆಯ ವರ್ಗ 225ನ್ನು ಎರಡೂ ವರ್ಗಗಳ ಮೊತ್ತ 625ರಿಂದ ಭಾಗಿಸಿ. ಷೇರಿಗೆ ಶೇ. 36, ಬಂಗಾರಕ್ಕೆ ಶೇ. 64. ಆಗ ಅಪಾಯ 12, ಲಾಭ 10.1. ಬರೀ ಬಂಗಾರದಲ್ಲಿ ಅಪಾಯ 15, ಲಾಭ 9. ಅಪಾಯ ಇಳಿದು ಲಾಭ ಏರುವ ಆಯ್ಕೆ ಎದುರಿಗಿದ್ದಾಗ, ಬರೀ ಬಂಗಾರ ಇಟ್ಟುಕೊಳ್ಳುವುದಕ್ಕೆ ಎಚ್ಚರಿಕೆ ಎಂಬ ಕಾರಣ ಕೊಡಲು ಬರುವುದಿಲ್ಲ.

ಸಹಸಂಬಂಧವನ್ನು ಅಳೆಯುವಾಗ ಆಗುವ ತಪ್ಪು

ಎರಡೂ ಫಂಡುಗಳ ತಿಂಗಳ ಕೊನೆಯ ಎನ್‌ಎವಿಗಳನ್ನು, ಅಂದರೆ ಒಂದು ಯೂನಿಟ್ಟಿನ ಬೆಲೆಗಳನ್ನು, ಐದು ವರ್ಷಕ್ಕೆ ಇಳಿಸಿಕೊಂಡು, ಪ್ರತಿ ತಿಂಗಳು ಶೇಕಡಾ ಎಷ್ಟು ಬದಲಾಯಿತು ಎಂದು ಎಕ್ಸೆಲ್‌ನ B ಮತ್ತು C ಕಂಬಸಾಲುಗಳಲ್ಲಿ ಮಾಡಿಕೊಳ್ಳಿ. ಆಮೇಲೆ:

```
=STDEV.S(B2:B61)*SQRT(12)
=CORREL(B2:B61,C2:C61)
```

ಮೊದಲನೆಯದು ವಾರ್ಷಿಕ ಮಾನಕ ವಿಚಲನೆ, ಎರಡನೆಯದು ಸಹಸಂಬಂಧ. ಬಹಳ ಜನ ಎನ್‌ಎವಿಗಳನ್ನೇ ನೇರವಾಗಿ `CORREL` ಒಳಗೆ ಹಾಕುತ್ತಾರೆ. ವರ್ಷಗಳು ಕಳೆದಂತೆ ಷೇರೂ ಏರಿದೆ, ಬಂಗಾರವೂ ಏರಿದೆ. ಹಾಗೆ ಮಾಡಿದರೆ ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ವಸ್ತುಗಳಿಗೂ 0.8, 0.9 ಬರಬಹುದು. ಬಂಗಾರ ಮತ್ತು ಷೇರಿಗೆ ಅಷ್ಟು ದೊಡ್ಡ ಸಂಖ್ಯೆ ಕಂಡರೆ ಮೊದಲು ಈ ತಪ್ಪಾಗಿದೆಯೇ ಎಂದು ನೋಡಿ.

ಸರಿಯಾಗಿ ಮಾಡಿದರೂ ಅರವತ್ತು ತಿಂಗಳ ದತ್ತಾಂಶದಲ್ಲಿ ಸಹಸಂಬಂಧದ ಅಂದಾಜು ಆಚೀಚೆ 0.25ರಷ್ಟು ತಪ್ಪಿರುವ ಸಾಧ್ಯತೆ ಇದ್ದೇ ಇದೆ. ನಿಮಗೆ 0.1 ಬಂತು ಎಂದುಕೊಳ್ಳಿ. ನಿಜವಾದದ್ದು −0.15 ಇರಬಹುದು, 0.35 ಕೂಡ ಇರಬಹುದು. ಠೇವಣಿ ಮತ್ತು ಬಂಗಾರದ ನಡುವಿನ ಗಡಿ 0.26 ಎಂಬುದು ಈ ಅಂತರದ ಒಳಗೇ ಇದೆ. ಹಾಗಾಗಿ ಅವೆರಡರ ನಡುವೆ ದಶಮಾಂಶ ಎಣಿಸಿ ಜಗಳವಾಡುವುದರಲ್ಲಿ ಅರ್ಥವಿಲ್ಲ. ಮಿಡ್‌ಕ್ಯಾಪಿನ ತೀರ್ಪು ಅಷ್ಟು ಸೂಕ್ಷ್ಮವಲ್ಲ. ಅಲ್ಲಿ ಸಹಸಂಬಂಧ 0.7ಕ್ಕೆ ಇಳಿದರೂ ಅರ್ಧ-ಅರ್ಧದ ಅಪಾಯ ಇಂಡೆಕ್ಸ್ ಫಂಡ್ ಒಂದರ 20ಕ್ಕಿಂತ ಮೇಲೆಯೇ ಉಳಿಯುತ್ತದೆ.

ನಾನಾದರೆ ಹೀಗೆ ಆರಿಸುತ್ತೇನೆ

ಮೂರು ವರ್ಷದೊಳಗೆ ಮಗಳ ಮದುವೆಯೋ ಮನೆಯ ಮಾಡೋ ಇದ್ದರೆ ಠೇವಣಿ, ಬೇರೆ ಮಾತಿಲ್ಲ. ಎಂಟು ಹತ್ತು ವರ್ಷ ಮುಟ್ಟುವುದಿಲ್ಲ ಎಂದಾದರೆ ಬಂಗಾರ. ಠೇವಣಿಯ ಬಡ್ಡಿ ವರ್ಷವರ್ಷವೂ ತೆರಿಗೆಯ ಲೆಕ್ಕಕ್ಕೆ ಬರುತ್ತದೆ, ಬಂಗಾರದ ಲಾಭ ಮಾರಿದಾಗ ಮಾತ್ರ. ಶೇ. 7 ಎಂದು ಬರೆದದ್ದು ಕೈಗೆ ಬರುವಾಗ ಅಷ್ಟೇ ಉಳಿದಿರುವುದಿಲ್ಲ.

ಠೇವಣಿ ಎಲ್ಲಿಡುತ್ತೀರಿ ಎಂಬುದೂ ಇದೇ ವಿಷಯಕ್ಕೆ ಸೇರಿದ್ದು. ಊರಿನ ಪ್ರಾಥಮಿಕ ಸಹಕಾರಿ ಸಂಘ ಅರ್ಧ ಶೇಕಡಾ ಹೆಚ್ಚು ಕೊಡಬಹುದು, ಪರಿಚಯದವರೇ ಇರುತ್ತಾರೆ. ಆದರೆ ಆ ಸಂಘದಿಂದ ಸಾಲ ಪಡೆದವರು ಹೆಚ್ಚಿನವರು ಅಡಿಕೆ ತೋಟಿಗರು. ಅಡಿಕೆಗೆ ದರ ಬಿದ್ದು ಎರಡು ವರ್ಷ ಕೊಳೆಯೂ ಬಂದರೆ, ನಿಮ್ಮ ತೋಟದ ಆದಾಯ ಕುಸಿಯುವ ಹೊತ್ತಿಗೇ ಅವರ ಕಂತುಗಳೂ ನಿಲ್ಲುತ್ತವೆ. ಪಾಸ್‌ಬುಕ್ಕಿನಲ್ಲಿ ಮಾನಕ ವಿಚಲನೆ ಸೊನ್ನೆ ಎಂದು ಕಂಡರೂ, ನಿಮ್ಮ ಆದಾಯದೊಂದಿಗೆ ಅದಕ್ಕೆ ಸಹಸಂಬಂಧ ಇದ್ದೇ ಇದೆ. ಬ್ಯಾಂಕಿನ ಠೇವಣಿಗೆ ಐದು ಲಕ್ಷದವರೆಗೆ ಡಿಐಸಿಜಿಸಿ ವಿಮೆ ಇದೆ, ಪ್ರಾಥಮಿಕ ಸಂಘಗಳಿಗೆ ಅದು ಇಲ್ಲ. ಹತ್ತು ಲಕ್ಷವನ್ನು ಎರಡು ಬ್ಯಾಂಕುಗಳಲ್ಲಿ, ಬಡ್ಡಿಯೂ ಸೇರಿ ಐದನ್ನು ಮೀರದಂತೆ ಇಡುವುದು ಉತ್ತಮ. ಮಿಕ್ಕ ಸ್ವಲ್ಪವನ್ನು ವ್ಯವಹಾರಕ್ಕೆಂದು ಸಂಘದಲ್ಲಿ ಇಟ್ಟುಕೊಳ್ಳಬಹುದು.

ಇನ್ನೊಂದು ಕೆಲಸ ಉಳಿಯುತ್ತದೆ. 12.5 ಎಂಬ ಅಪಾಯ ಬಂದದ್ದು ಪ್ರತಿ ವರ್ಷದ ಆರಂಭದಲ್ಲಿ ಪಾಲು ಅರ್ಧ-ಅರ್ಧ ಇತ್ತು ಎಂಬ ಲೆಕ್ಕದಿಂದ. ಹಾಗೇ ಬಿಟ್ಟರೆ ಅದು ನಿಲ್ಲುವುದಿಲ್ಲ. ಸತತ ಎರಡು ವರ್ಷ ಷೇರು ಶೇ. 32 ಏರಿ ಬಂಗಾರ ಶೇ. 6 ಇಳಿದರೆ, ಹತ್ತು-ಹತ್ತು ಲಕ್ಷ ಇದ್ದದ್ದು 17.4 ಮತ್ತು 8.8 ಲಕ್ಷ ಆಗುತ್ತದೆ. ಷೇರಿನ ಪಾಲು ಶೇ. 66, ಅಪಾಯ 14ರ ಆಸುಪಾಸು. ಪುನಃ ಸಮ ಮಾಡಲು ಷೇರು ಮಾರಿದರೆ ತೆರಿಗೆ ಬೀಳಬಹುದು. ತೋಟಿಗರಿಗೆ ಅದರ ಅಗತ್ಯವಿಲ್ಲ, ಏಕೆಂದರೆ ಪ್ರತಿ ಹಂಗಾಮಿನಲ್ಲೂ ಹೊಸ ದುಡ್ಡು ಬರುತ್ತದೆ. ಚಾಲಿ ಮಾರಿದಾಗ ನಾಲ್ಕು ಲಕ್ಷ ಉಳಿದರೆ ಅಷ್ಟನ್ನೂ ಹಿಂದೆ ಬಿದ್ದಿರುವ ಬಂಗಾರಕ್ಕೇ ಹಾಕಿ. ಷೇರಿನ ಪಾಲು 58ಕ್ಕೆ ಇಳಿಯುತ್ತದೆ, ಉಳಿದದ್ದನ್ನು ಮುಂದಿನ ವರ್ಷದ ಬೆಳೆಯಲ್ಲಿ ಸರಿಮಾಡಬಹುದು.